ಅಡ್ಡಗೋಡೆ ಮೇಲಿನ ದೀಪ ಟೋಕಿಯೊಗೆ ಹೋದಾಗ

1/8

ಬಿ.ಕಾಂ. ಬ್ಯಾಚಿನವರು ಸಿಕ್ಕಾಗೆಲ್ಲ ಕೇಳೋದು ಒಂದೇ ಪ್ರಶ್ನೆ: "ಜಪಾನಿ ಕಲಿತು ಅನಿಮೆಗೆ ಸಬ್‌ಟೈಟಲ್ ಬರೀತೀಯ ಅಂದ್ಕೊಂಡಿದ್ವಿ, ಷೇರುಪೇಟೆ ಮಾತು ಅನುವಾದ ಮಾಡ್ತಿದೀಯಂತೆ?" ಹೌದು. ಫೋಟೊದಲ್ಲಿ ಕಾಣೋ ಆ ಹಳದಿ, ಹಸಿರು ಗೆರೆಗಳ ಕಾಗದ ಅದೇ. ಈ ಸಲ ಎಂಟು ಪೋಸ್ಟಿನಲ್ಲಿ ಆ ಗೆರೆಗಳ ಕಥೆ ಹೇಳ್ತೀನಿ.

ಅಮೆರಿಕದ ಕಂಪನಿಗಳು ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸ್ತವೆ. ಅದರ ಜೊತೆಗೇ ಒಂದು ಫೋನ್ ಸಭೆ ಇರುತ್ತೆ. ಅದೇ ಅರ್ನಿಂಗ್ಸ್ ಕಾಲ್. ಮೊದಲು ಸಿಇಒ, ಸಿಎಫ್‌ಒ ಬರೆದಿಟ್ಟಿದ್ದನ್ನು ಓದ್ತಾರೆ, ಆಮೇಲೆ ಅನಲಿಸ್ಟುಗಳು ಪ್ರಶ್ನೆ ಕೇಳ್ತಾರೆ. ಇಷ್ಟನ್ನೂ ಅಕ್ಷರಕ್ಕಿಳಿಸಿದ್ದು ಟ್ರಾನ್‌ಸ್ಕ್ರಿಪ್ಟ್. ಅದನ್ನು ಇಂಗ್ಲಿಷಿನಿಂದ ಜಪಾನಿಗೆ ತರೋದು ನಮ್ಮ ತಂಡದ ಕೆಲಸ. ಬೆಂಗಳೂರಿನಲ್ಲಿ ಕೂತು ಮೊದಲ ಕರಡು ಮಾಡಿ, ಇಂಗ್ಲಿಷ್ ಜೊತೆ ತಾಳೆ ನೋಡೋದು ನಾನು. ಟೋಕಿಯೊದಲ್ಲಿ ಕೂತು ಭಾಷೆ ತಿದ್ದಿ ಕಡೆಯ ರೂಪ ಕೊಡೋದು ನಮ್ಮ ಹಿರಿಯ ಸಂಪಾದಕಿ. ಅವರನ್ನು ನಾನು ಸೆಂಪಾಯ್ ಅಂತೀನಿ, ಅಂದರೆ ಕೆಲಸದಲ್ಲಿ ನನಗಿಂತ ಮುಂಚಿನವರು.

ಓದೋರು ಯಾರು? ಹೆಚ್ಚಾಗಿ ನಮ್ಮ ನಿಮ್ಮಂಥ ಸಾಮಾನ್ಯ ಜನ. ಜಪಾನಿನಲ್ಲಿ ನೀಸಾ ಅಂತ ತೆರಿಗೆ ಇಲ್ಲದ ಹೂಡಿಕೆ ಖಾತೆ ಇದೆ. 2024ರ ಜನವರಿಯಲ್ಲಿ ಅದರ ಮಿತಿ ದೊಡ್ಡದಾಗಿ, ವರ್ಷಕ್ಕೆ 36 ಲಕ್ಷ ಯೆನ್‌ವರೆಗೂ ಹಾಕಬಹುದು ಅಂತಾಯ್ತು. ಆ ಖಾತೆಯಿಂದ ಅಮೆರಿಕದ ಷೇರನ್ನೂ ಕೊಳ್ಳಬಹುದು. ಆದರೆ ಕೊಳ್ಳೋ ಎಲ್ಲರಿಗೂ ಇಂಗ್ಲಿಷ್ ಬರಲ್ಲ. ಸಿಎಫ್‌ಒ ಏನಂದರು ಅಂತ ಅವರಿಗೆ ತಿಳಿಯೋದು ನಮ್ಮ ಜಪಾನಿ ವಾಕ್ಯದಿಂದ ಮಾತ್ರ. ಅಲ್ಲಿ "ಆಗಬಹುದು" ಅನ್ನೋದು "ಆಗುತ್ತೆ" ಅಂತಾದರೆ, ಅದನ್ನು ನಂಬಿ ಹೋಗೋದು ಅವರ ದುಡ್ಡು.

2/8

ಮೊದಲು "ಆಗಬಹುದು" ಅನ್ನೋದರ ಬೆಲೆ ನೋಡೋಣ.

ಬೀದಿಯಲ್ಲಿ ಕರೆಂಟ್ ಹೋಗಿದೆ, ಲೈನ್‌ಮ್ಯಾನನ್ನು ಕೇಳ್ತೀರಿ. "ಐದಕ್ಕೆ ಬರುತ್ತೆ" ಅಂದರೆ ನೀವು ದೋಸೆಹಿಟ್ಟಿಗೆ ಅಕ್ಕಿ ನೆನೆಹಾಕ್ತೀರಿ. "ಐದಕ್ಕೆ ಬರಬೇಕು" ಅಂದರೆ ಸ್ವಲ್ಪ ಯೋಚಿಸ್ತೀರಿ. "ಐದಕ್ಕೆ ಬರಬಹುದು" ಅಂದರೆ ಹೋಟೆಲಿಗೆ ಹೊರಡ್ತೀರಿ. ಸುದ್ದಿ ಒಂದೇ, ಗಂಟೆ ಒಂದೇ. ಕ್ರಿಯಾಪದದ ಬಾಲ ಮಾತ್ರ ಬೇರೆ. ಆ ಬಾಲ ನೋಡಿಯೇ ನಾವು ತೀರ್ಮಾನ ಮಾಡೋದು.

ಕಂಪನಿಯವರು ಮುಂದಿನ ತಿಂಗಳುಗಳ ಬಗ್ಗೆ ಮಾತಾಡುವಾಗ ಈ ಬಾಲವನ್ನು ಬಹಳ ಲೆಕ್ಕ ಹಾಕಿ ಆರಿಸ್ತಾರೆ. ಎಕ್ಸ್‌ಪೆಕ್ಟ್, ಬಿಲೀವ್, ಶುಡ್, ಕುಡ್, ಮೇ ಪದಗಳು ಅವರ ಪಾಲಿಗೆ ಒಂದೇ ಅಲ್ಲ. ಹೊರಗಿನವರಿಗೆ ಇದು ಅಡ್ಡಗೋಡೆ ಮೇಲೆ ದೀಪ ಇಟ್ಟ ಮಾತಿನ ಹಾಗೆ ಕೇಳಿಸುತ್ತೆ. ಆದರೆ ಅದರ ಹಿಂದೆ ಕಾನೂನಿದೆ. 1995ರಲ್ಲಿ ಅಮೆರಿಕ ಒಂದು ಕಾಯ್ದೆ ತಂತು: ಪ್ರೈವೇಟ್ ಸೆಕ್ಯುರಿಟೀಸ್ ಲಿಟಿಗೇಷನ್ ರಿಫಾರ್ಮ್ ಆಕ್ಟ್. ಅದರಲ್ಲಿ ಸೇಫ್ ಹಾರ್ಬರ್ ಅಂತ ಒಂದು ರಕ್ಷಣೆ ಇದೆ. ಮುಂದೆ ಆಗಬಹುದಾದ್ದರ ಬಗ್ಗೆ ಕಂಪನಿ ಮಾತಾಡ್ತು, ಇದು ಮುನ್ನೋಟದ ಮಾತು ಅಂತ ಗುರುತಿಸಿತ್ತು, ಏನೇನು ತಪ್ಪಬಹುದು ಅಂತ ಅರ್ಥ ಇರೋ ಎಚ್ಚರಿಕೆಯನ್ನೂ ಕೊಟ್ಟಿತ್ತು ಅಂತಿಟ್ಟುಕೊಳ್ಳಿ. ಆಮೇಲೆ ಹಾಗಾಗಲಿಲ್ಲ ಅನ್ನೋ ಕಾರಣಕ್ಕೇ ಹೂಡಿಕೆದಾರರು ಹೂಡುವ ದಾವೆಯಿಂದ ಅದಕ್ಕೆ ರಕ್ಷಣೆ ಸಿಗುತ್ತೆ. ಬಾಯಿಮಾತಿಗೂ ಇದು ಅನ್ವಯಿಸುತ್ತೆ: ಇದು ಮುನ್ನೋಟದ ಮಾತು, ನಿಜವಾದ ಫಲಿತಾಂಶ ಬಹಳ ಬೇರೆಯಾಗಬಹುದು, ವಿವರ ಇಂಥ ದಾಖಲೆಯಲ್ಲಿದೆ ಅಂತ ಹೇಳಿಬಿಡಬೇಕು. ಕಾಲ್ ಶುರುವಾದ ತಕ್ಷಣ ಒಬ್ಬರು ಒಂದೇ ಉಸಿರಿಗೆ ಏನೋ ಓದಿ ಮುಗಿಸ್ತಾರಲ್ಲ, ಅದು ಇದೇ.

ಈ ರಕ್ಷಣೆ ಮುಂದಿನ ಮಾತಿಗೆ ಮಾತ್ರ. "ಕಳೆದ ತ್ರೈಮಾಸಿಕದಲ್ಲಿ ಇಷ್ಟು ಬಂತು" ಅನ್ನೋ ಮಾತಿಗೆ ಅದು ಇಲ್ಲ. ಅನುವಾದಕ್ಕೂ ಇದು ಗಡಿ. ಆಗಿಹೋದದ್ದನ್ನು ಗಟ್ಟಿಯಾಗಿ ಹೇಳಬೇಕು, ಆಗಬೇಕಾದ್ದನ್ನು ಅವರು ಹೇಳಿದಷ್ಟೇ ಗಟ್ಟಿಯಾಗಿ ಹೇಳಬೇಕು.

3/8

ಈಗ ಕನ್ನಡದವರಿಗೆ ಒಂದು ಖುಷಿಯ ಸುದ್ದಿ. ಈ ಕೆಲಸದಲ್ಲಿ ನಮಗೆ ಒಂದು ಅನುಕೂಲ ಇದೆ.

ಇಂಗ್ಲಿಷಿನಲ್ಲಿ ಅನುಮಾನದ ಮಾತು ಮೊದಲೇ ಬರುತ್ತೆ. "ವಿ ಎಕ್ಸ್‌ಪೆಕ್ಟ್" ಅಂತ ಬಾಗಿಲಲ್ಲೇ ನಿಲ್ಲಿಸಿ, ಆಮೇಲೆ ಒಳಗೆ ಏನಿದೆ ಹೇಳ್ತಾರೆ. ಜಪಾನಿಯಲ್ಲಿ ಅದು ಕೊನೆಗೆ ಬರುತ್ತೆ, ಕನ್ನಡದ ಹಾಗೇ. "ಆದಾಯ ಹೆಚ್ಚುತ್ತದೆ ಅಂತ ನಿರೀಕ್ಷಿಸ್ತಿದ್ದೀವಿ" ಅನ್ನೋದನ್ನ ಜಪಾನಿಯಲ್ಲಿ ಹೇಳಿದರೆ ನಮ್ಮ "ಅಂತ" ಇರೋ ಜಾಗದಲ್ಲಿ "ತೊ", "ನಿರೀಕ್ಷಿಸ್ತಿದ್ದೀವಿ" ಇರೋ ಜಾಗದಲ್ಲಿ "ಮಿಕೊಂದೆ ಇಮಾಸ್". ಪದದ ಸಾಲು ಹೆಚ್ಚುಕಡಿಮೆ ನಮ್ಮದೇ.

ಇನ್ನೊಂದು ನೋಡಿ. ಇಂಗ್ಲಿಷಿನ "ಶುಡ್"ಗೆ ಎರಡು ಮುಖ. ಒಂದು ಕರ್ತವ್ಯ, ಇನ್ನೊಂದು ಅಂದಾಜು. ನಮ್ಮ "ಬೇಕು"ಗೂ ಅವೇ ಎರಡು ಮುಖ: "ನೀನು ಫೀಸ್ ಕಟ್ಟಬೇಕು", "ಬಸ್ಸು ಇಷ್ಟೊತ್ತಿಗೆ ಬಂದಿರಬೇಕು". ಜಪಾನಿಯಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ. ಕರ್ತವ್ಯಕ್ಕೆ "ಬೆಕಿ", ಅಂದಾಜಿಗೆ "ಹಾಜು". ಬೆಕಿ ಮತ್ತು ಬೇಕು ಹೀಗೆ ಹೋಲೋದು ಬರೀ ಕಾಕತಾಳೀಯ, ಆದರೆ ನೆನಪಿಟ್ಟುಕೊಳ್ಳೋಕೆ ಚೆನ್ನಾಗಿದೆ. "ಮಾರ್ಜಿನ್ಸ್ ಶುಡ್ ಇಂಪ್ರೂವ್" ಅನ್ನೋದಕ್ಕೆ "ಬೆಕಿ" ಹಾಕಿದರೆ ಸಿಎಫ್‌ಒ ಯಾರಿಗೋ ಬೈತಿರೋ ಹಾಗಾಗುತ್ತೆ. ಹಾಗಂತ "ಹಾಜು" ಹಾಕಿದರೂ ತೂಕ ಕೆಲವೊಮ್ಮೆ ಜಾಸ್ತಿ. ಅದರಲ್ಲಿ "ಲೆಕ್ಕದ ಪ್ರಕಾರ ಆಗಲೇಬೇಕಲ್ಲ" ಅನ್ನೋ ಧ್ವನಿ ಇದೆ. ಅದಕ್ಕೆ ನಾವು ಹೆಚ್ಚಾಗಿ "ಸುಧಾರಿಸೋ ನಿರೀಕ್ಷೆ ಇದೆ" ಅನ್ನೋ ಅರ್ಥದ "ಮಿಕೊಮಿ ದೆಸ್" ಬಳಸ್ತೀವಿ.

ಅಪಾಯವೂ ಇದೇ ಹೋಲಿಕೆಯಲ್ಲಿದೆ. ಇಂಗ್ಲಿಷಿನಲ್ಲಿ ಒಂದು "ವಿ ಎಕ್ಸ್‌ಪೆಕ್ಟ್" ಬಾಗಿಲಲ್ಲಿ ನಿಂತರೆ ಅದರ ಹಿಂದಿನ ಮೂರು ಸಂಗತಿಗೂ ಅದೇ ಕಾವಲು. ಜಪಾನಿಗೆ ತರುವಾಗ ಆ ಉದ್ದ ವಾಕ್ಯವನ್ನು ಮೂರು ತುಂಡು ಮಾಡ್ತೀವಿ. ಕಾವಲುಗಾರ ಕೊನೆಯ ತುಂಡಿನ ಬಾಲಕ್ಕೆ ಹೋಗಿ ಕೂರ್ತಾನೆ. ಮೊದಲ ಎರಡು ತುಂಡು ಬರಿಗೈಯಲ್ಲಿ ಉಳಿಯುತ್ತವೆ. ಯಾರೂ ಯಾವ ಪದವನ್ನೂ ಅಳಿಸಿಲ್ಲ, ಆದರೂ ಎರಡು ನಿರೀಕ್ಷೆಗಳು ಎರಡು ಭರವಸೆಗಳಾಗಿಬಿಟ್ಟಿವೆ.

4/8

ಒಂದು ವಾಕ್ಯ ಬಿಡಿಸಿ ನೋಡೋಣ. ಗ್ರಾಹಕರ ಜೊತೆ ಒಪ್ಪಂದ ಇರೋದರಿಂದ ನಿಜವಾದ ವಾಕ್ಯ ಇಲ್ಲಿ ಹಾಕೋ ಹಾಗಿಲ್ಲ. ಅದೇ ಅಚ್ಚಿನದ್ದನ್ನು ನಾನೇ ಕಟ್ಟಿದ್ದೀನಿ:

"ಫಾರ್ ದ ಫುಲ್ ಇಯರ್, ವಿ ಕಂಟಿನ್ಯೂ ಟು ಎಕ್ಸ್‌ಪೆಕ್ಟ್ ರೆವೆನ್ಯೂ ಗ್ರೋತ್ ಇನ್ ದ ಹೈ ಸಿಂಗಲ್ ಡಿಜಿಟ್ಸ್, ಆ್ಯಂಡ್ ವಿ ಬಿಲೀವ್ ಆಪರೇಟಿಂಗ್ ಮಾರ್ಜಿನ್ ಕುಡ್ ಎಕ್ಸ್‌ಪ್ಯಾಂಡ್ ಮಾಡೆಸ್ಟ್‌ಲಿ ಇನ್ ದ ಸೆಕೆಂಡ್ ಹಾಫ್, ಅಸ್ಯೂಮಿಂಗ್ ನೋ ಮೆಟೀರಿಯಲ್ ಚೇಂಜ್ ಇನ್ ಕರೆನ್ಸಿ."

ಮೊದಲು "ಕಂಟಿನ್ಯೂ ಟು ಎಕ್ಸ್‌ಪೆಕ್ಟ್". ಇಲ್ಲಿ ಮುಂದುವರಿಯೋದು ನಿರೀಕ್ಷೆ, ಬೆಳವಣಿಗೆ ಅಲ್ಲ. ಕಳೆದ ಸಲ ಹೇಳಿದ ಅಂದಾಜನ್ನು ನಾವು ಬದಲಿಸಿಲ್ಲ ಅಂತ ಅವರು ಹೇಳ್ತಿದ್ದಾರೆ. ಅನಲಿಸ್ಟುಗಳು ಕಾಯ್ತಿರೋ ಸುದ್ದಿಯೇ ಇದು. ಜಪಾನಿಯಲ್ಲಿ "ಹಿಕಿತ್ಸುಜುಕಿ" ಅಂದರೆ "ಮುಂದೆಯೂ, ಎಂದಿನಂತೆ". ಅದನ್ನು ವಾಕ್ಯದ ತಲೆಗೆ ಹಾಕಿಬಿಟ್ಟರೆ "ಮುಂದೆಯೂ ಆದಾಯ ಬೆಳೆಯುತ್ತದೆ ಅಂತ ನಿರೀಕ್ಷಿಸ್ತೀವಿ" ಅಂತಾಗುತ್ತೆ. ಕನ್ನಡದಲ್ಲೇ ಓದಿ ನೋಡಿ: "ಮುಂದೆಯೂ" ಅನ್ನೋದು ಬೆಳೆಯೋದಕ್ಕೆ ಅಂಟುತ್ತೋ, ನಿರೀಕ್ಷಿಸೋದಕ್ಕೆ ಅಂಟುತ್ತೋ? ಹತ್ತರಲ್ಲಿ ಎಂಟು ಜನ ಬೆಳೆಯೋದಕ್ಕೇ ಅಂಟಿಸಿ ಓದ್ತಾರೆ. ಹಾಗಾಗಿ ಆ ಪದವನ್ನೇ ಬಿಟ್ಟು, ಜಪಾನಿನ ಕಂಪನಿಗಳೇ ಬಳಸೋ ಮಾತು ತಗೋತೀವಿ: "ಮಿತೋಶಿ ನಿ ಹೆಂಕೋ ವಾ ಆರಿಮಾಸೆನ್", ಅಂದರೆ ಮುನ್ನೋಟದಲ್ಲಿ ಬದಲಾವಣೆ ಇಲ್ಲ. ಈಗ ಅನುಮಾನಕ್ಕೆ ಜಾಗ ಇಲ್ಲ.

ಆಮೇಲೆ "ಹೈ ಸಿಂಗಲ್ ಡಿಜಿಟ್ಸ್". ಒಂದಂಕಿಯ ಮೇಲ್ಭಾಗ, ಸಾಮಾನ್ಯವಾಗಿ 7ರಿಂದ 9 ಪರ್ಸೆಂಟ್ ಅಂತ ಕೇಳುಗರು ಅರ್ಥ ಮಾಡ್ಕೋತಾರೆ. ಓದುಗರಿಗೆ ಸುಲಭ ಆಗಲಿ ಅಂತ "7ರಿಂದ 9" ಅಂತ ಬರೆಯೋ ಆಸೆ ಆಗುತ್ತೆ. ಬರೆಯಬಾರದು. ಸಿಎಫ್‌ಒ ಅಂಕಿ ಹೇಳಿಲ್ಲ, ಬೇಕೆಂದೇ ಹೇಳಿಲ್ಲ. ನಾವು ಬರೆದರೆ ಮುಂದೆ 6.8 ಬಂದ ದಿನ ಕಂಪನಿ ಯಾವತ್ತೂ ಕೊಡದ ಗುರಿ ತಪ್ಪಿದ ಹಾಗೆ ಕಾಣುತ್ತೆ. ಜಪಾನಿಯಲ್ಲಿ ಇದಕ್ಕೆ ಅಷ್ಟೇ ಮಸುಕಾದ ಪದ ಇದೆ: "ಹಿತೊಕೆತಾದಾಯ್ ಕೋಹಾನ್", ಒಂದಂಕಿಯ ದ್ವಿತೀಯಾರ್ಧ. ಮಸುಕನ್ನು ಮಸುಕಾಗೇ ಸಾಗಿಸೋಕೆ ಅದು ಸರಿ.

5/8

ಅದೇ ವಾಕ್ಯದ ಉಳಿದ ಅರ್ಧ.

"ಬಿಲೀವ್" ಮತ್ತು "ಕುಡ್" ಒಟ್ಟಿಗೆ ಬಂದಿವೆ, ಅಂದರೆ ಎರಡು ಪದರ. "ಕುಡ್" ಹೇಳೋದು ಸಾಧ್ಯತೆ ಇದೆ ಅಂತ. "ಬಿಲೀವ್" ಹೇಳೋದು ಇದು ನಮ್ಮ ಅಭಿಪ್ರಾಯ ಅಂತ. ಜಪಾನಿಯಲ್ಲೂ ಎರಡು ಪದರ ಬೇಕು: "ಕಾನೋಸೇ ಗಾ ಅರು" ಅಂದರೆ ಸಾಧ್ಯತೆ ಇದೆ, ಅದರ ಮೇಲೆ "ತೊ ಕಂಗಾಎತೆ ಇಮಾಸ್" ಅಂದರೆ ಅಂತ ಭಾವಿಸಿದ್ದೀವಿ. ಒಂದನ್ನು ಬಿಟ್ಟರೆ ಮಾತು ಗಟ್ಟಿಯಾಗುತ್ತೆ. ಇನ್ನೊಂದನ್ನು ಸೇರಿಸಿದರೆ ನೀರಾಗುತ್ತೆ. ಜಪಾನಿ ವ್ಯವಹಾರದ ಮಾತಿನಲ್ಲಿ ವಿನಯಕ್ಕೇ ಅಂತ "ಹಾಗಿರಬಹುದೇನೋ ಅಂತ ಭಾವಿಸುತ್ತೇವೆ" ಅನ್ನೋ ಥರದ ಬಾಲ ಅಂಟಿಸೋದು ಮಾಮೂಲು. ಇಲ್ಲಿ ಅದು ಬೇಡ. ಓದುಗ ಅದನ್ನು ವಿನಯ ಅಂದ್ಕೊಳ್ಳಲ್ಲ, ಕಂಪನಿಗೇ ಧೈರ್ಯ ಇಲ್ಲ ಅಂದ್ಕೋತಾನೆ. ಅನುಮಾನ ಕಾಪಾಡೋದು ಅಂದರೆ ಕಮ್ಮಿಯೂ ಮಾಡಬಾರದು, ಜಾಸ್ತಿಯೂ ಮಾಡಬಾರದು.

"ಮಾಡೆಸ್ಟ್‌ಲಿ"ಗೆ ಎರಡು ಪದ ನೆನಪಿಗೆ ಬರ್ತವೆ, "ಕೊಹಾಬಾ" ಮತ್ತು "ಯುರುಯಾಕಾ". ಮೊದಲನೆಯದು ಎಷ್ಟು ಅನ್ನೋದನ್ನ ಹೇಳುತ್ತೆ: ಸ್ವಲ್ಪ. ಎರಡನೆಯದು ಎಷ್ಟು ಬೇಗ ಅನ್ನೋದನ್ನ ಹೇಳುತ್ತೆ: ನಿಧಾನವಾಗಿ. ಮಾರ್ಜಿನ್ ನಿಧಾನವಾಗಿ ಏರ್ತಾ ಕೊನೆಗೆ ಬಹಳ ಏರಬಹುದಲ್ಲ? ಇಲ್ಲಿ ಸಿಎಫ್‌ಒ ಹೇಳ್ತಿರೋದು ಅಳತೆ, ಹಾಗಾಗಿ ಕೊಹಾಬಾ.

ಕೊನೆಗೆ ಆ ಬಾಲಂಗೋಚಿ: ಕರೆನ್ಸಿ ದರ ಹೆಚ್ಚು ಬದಲಾಗದಿದ್ದರೆ. ಇದು ಮಾರ್ಜಿನ್‌ಗೆ ಮಾತ್ರ ಹಾಕಿದ ಷರತ್ತೋ, ಆದಾಯಕ್ಕೂ ಸೇರಿ ಹಾಕಿದ್ದೋ? ಇಂಗ್ಲಿಷ್ ವಾಕ್ಯ ಎರಡನ್ನೂ ಒಪ್ಪುತ್ತೆ. ಜಪಾನಿಯಲ್ಲಿ ಷರತ್ತು ಮೊದಲು ಬರಬೇಕು, ಹಾಗಾಗಿ ಎಲ್ಲಿ ಇಡೋದು ಅಂತ ನಾವು ನಿರ್ಧರಿಸಲೇಬೇಕು. ಊಹೆ ಮಾಡೋ ಹಾಗಿಲ್ಲ. ಅದೇ ದಿನ ಬಂದ ಪತ್ರಿಕಾ ಪ್ರಕಟಣೆ ತೆಗೆದು ಇಡೀ ವರ್ಷದ ಅಂದಾಜಿನ ಭಾಗ ನೋಡ್ತೀವಿ. ನಾನು ಕಟ್ಟಿದ ಉದಾಹರಣೆಯಲ್ಲಿ ಎಲ್ಲ ಅಂದಾಜೂ ಈಗಿನ ವಿನಿಮಯ ದರದ ಮೇಲೆ ನಿಂತಿದೆ ಅಂತ ಅಲ್ಲಿ ಬರೆದಿದೆ ಅಂದ್ಕೊಳ್ಳಿ. ಆಗ ಷರತ್ತು ಎರಡಕ್ಕೂ ಸೇರಿದ್ದು.

ಎಲ್ಲ ಸೇರಿ ಜಪಾನಿ ರೂಪ ಕನ್ನಡದಲ್ಲಿ ಹೇಳೋದಾದರೆ ಹೀಗೆ: "ವಿನಿಮಯ ದರದಲ್ಲಿ ದೊಡ್ಡ ಬದಲಾವಣೆ ಇಲ್ಲ ಅನ್ನೋದು ಮುಂದಿನ ಮಾತುಗಳಿಗೆ ಷರತ್ತು. ಇಡೀ ವರ್ಷದ ಆದಾಯ ಒಂದಂಕಿಯ ಮೇಲ್ಭಾಗದಲ್ಲಿ ಬೆಳೆಯುತ್ತದೆ ಅನ್ನೋ ನಮ್ಮ ಮುನ್ನೋಟದಲ್ಲಿ ಬದಲಾವಣೆ ಇಲ್ಲ. ದ್ವಿತೀಯಾರ್ಧದಲ್ಲಿ ಆಪರೇಟಿಂಗ್ ಮಾರ್ಜಿನ್ ಸ್ವಲ್ಪ ಸುಧಾರಿಸುವ ಸಾಧ್ಯತೆ ಇದೆ ಅಂತ ಭಾವಿಸಿದ್ದೀವಿ." ಮೂರು ತುಂಡು, ಆದರೆ ಒಂದೊಂದಕ್ಕೂ ಅದರದೇ ಕಾವಲುಗಾರ.

6/8

ಈಗ ಜಗಳದ ಕಥೆ. ಜಗಳ ಅಂದರೆ ಜಪಾನಿ ಥರದ ಜಗಳ, ಇಬ್ಬರೂ ಪ್ರತಿ ಮಾತಿಗೂ "ಕ್ಷಮಿಸಿ" ಅಂತಿದ್ವಿ.

ಅಮೆರಿಕದ ಪೂರ್ವ ತೀರದಲ್ಲಿ ಬೇಸಿಗೆಯ ಸಂಜೆ 5 ಗಂಟೆಗೆ ಕಾಲ್ ಶುರುವಾದರೆ ನಮಗೆ ರಾತ್ರಿ 2:30, ಟೋಕಿಯೊದಲ್ಲಿ ಬೆಳಿಗ್ಗೆ 6. ಅಲ್ಲಿಯ ಜನ ಆಫೀಸಿಗೆ ಹೋಗೋ ರೈಲಿನಲ್ಲಿ ಫೋನ್ ನೋಡೋ ಹೊತ್ತಿಗೆ ಮೇಲ್ಗಡೆ ಒಂದು ಸಣ್ಣ ಸಾರಾಂಶ ಇರಲೇಬೇಕು, ಪೂರ್ತಿ ಅನುವಾದ ಆಮೇಲೆ ಬರುತ್ತೆ. ಆ ಸಾರಾಂಶವನ್ನು ಸೆಂಪಾಯ್ ನಾಮಪದದಲ್ಲಿ ನಿಲ್ಲೋ ತುಣುಕುಗಳಲ್ಲಿ ಬರೆದಿದ್ದರು. ಜಪಾನಿ ಪತ್ರಿಕೆಗಳಲ್ಲಿ ಇದು ಬಹಳ ಸಹಜ. ನಮ್ಮ ಪೇಪರ್ ಹೆಡ್‌ಲೈನಿನ ಹಾಗೇ: "ಆದಾಯ ಒಂದಂಕಿ ಮೇಲ್ಭಾಗದಲ್ಲಿ ಏರಿಕೆ. ದ್ವಿತೀಯಾರ್ಧದಲ್ಲಿ ಮಾರ್ಜಿನ್ ಅಲ್ಪ ಸುಧಾರಣೆ. ವಿನಿಮಯ ದರ ಸ್ಥಿರ ಎಂದು ಅಂದಾಜು."

ಓದೋಕೆ ಸೊಗಸಾಗಿತ್ತು. ಆದರೆ ಬಾಲ ಕತ್ತರಿಸಿದ ಮೇಲೆ ಅನುಮಾನ ಎಲ್ಲಿರುತ್ತೆ? ಉಳಿದ ಒಂದೇ ಒಂದು "ಅಂದಾಜು" ವಿನಿಮಯ ದರಕ್ಕೆ ಅಂಟಿತ್ತು. ಕಂಪನಿ ಬರೀ ಷರತ್ತು ಅಂತ ಇಟ್ಟಿದ್ದು ಭವಿಷ್ಯವಾಣಿಯಾಗಿ, ಭವಿಷ್ಯದ ಮಾತು ಆಗಿಹೋದ ಸುದ್ದಿಯಾಗಿ ಕಾಣ್ತಿತ್ತು. ಅವರು ನನಗಿಂತ ಹದಿನೈದು ವರ್ಷ ದೊಡ್ಡವರು, ಜಪಾನಿ ಅವರ ತಾಯಿಭಾಷೆ. ಅವರ ಸಾಲಿಗೆ ನಾನು ಕೆಂಪು ಗೆರೆ ಎಳೆಯೋದಾ ಅಂತ ಕೈ ನಿಂತುಹೋಯ್ತು. ಆದರೆ ಆ ಸಾರಾಂಶ ಮಾತ್ರ ಓದಿ ಫೋನ್ ಮುಚ್ಚೋರೇ ಜಾಸ್ತಿ ಅಂತಲೂ ಗೊತ್ತಿತ್ತು. ಫೋನ್ ಮಾಡಿದೆ.

ಅವರ ವಾದ ಸುಮ್ಮನೆ ತಳ್ಳಿಹಾಕೋ ಥರದ್ದಲ್ಲ. "ನೀವು ಹೇಳೋ ಹಾಗೆ ಮೂರು ಸಾಲಿಗೂ ಮಿಕೊಂದೆ ಇಮಾಸ್, ಮಿಕೊಂದೆ ಇಮಾಸ್ ಅಂತ ಹಾಕಿದರೆ ಜಪಾನಿ ಓದುಗರು ಎರಡನೇ ಸಾಲಿಗೇ ಆ ಬಾಲವನ್ನು ಓದೋದು ಬಿಡ್ತಾರೆ" ಅಂದರು. ನಿಜ. ಜಪಾನಿಯಲ್ಲಿ ಒಂದೇ ಬಾಲ ಸಾಲುಸಾಲಾಗಿ ಬಂದರೆ ಕಿವಿಗೆ ಮಗ್ಗಿ ಒಪ್ಪಿಸಿದ ಹಾಗೆ. ಓದದೇ ಬಿಟ್ಟ ಅನುಮಾನ ಇದ್ದೂ ಇಲ್ಲದ ಹಾಗೇ.

ಇಪ್ಪತ್ತು ನಿಮಿಷ ಮಾತಾಡಿದ ಮೇಲೆ ಅವರೇ ದಾರಿ ತೋರಿಸಿದರು. ತುಣುಕು ತುಣುಕಾಗೇ ಇರಲಿ, ಆದರೆ ಪ್ರತಿ ತುಣುಕು ನಿಲ್ಲೋ ನಾಮಪದವೇ ಅನುಮಾನದ ನಾಮಪದ ಆಗಲಿ. ಹೀಗಾಯ್ತು: "ಆದಾಯ ಒಂದಂಕಿ ಮೇಲ್ಭಾಗದಲ್ಲಿ ಏರುವ ಮುನ್ನೋಟ, ಬದಲಾವಣೆ ಇಲ್ಲ. ಮಾರ್ಜಿನ್ ಅಲ್ಪ ಸುಧಾರಣೆಯ ಸಾಧ್ಯತೆ. ಎರಡಕ್ಕೂ ವಿನಿಮಯ ದರ ಹೆಚ್ಚು ಬದಲಾಗದಿರುವುದೇ ಷರತ್ತು." ಮಿತೋಶಿ, ಕಾನೋಸೇ, ಜೆಂತೇ. ಮೂರು ಬೇರೆ ನಾಮಪದ, ಕಿವಿಗೆ ಬೇಸರ ಇಲ್ಲ, ತೂಕವೂ ಸರಿ. "ಬಿಲೀವ್" ಮಾತ್ರ ಕೈಬಿಟ್ಟು ಹೋಗ್ತಿತ್ತು. ಅದಕ್ಕೆ ಮೇಲೆ "ಕಂಪನಿಯ ದೃಷ್ಟಿ" ಅಂತ ಒಂದು ತಲೆಬರಹ ಕೊಟ್ವಿ.

7/8

ಆ ದಿನದಿಂದ ನಮ್ಮಿಬ್ಬರದೂ ಒಂದು ಪದ್ಧತಿ ಆಗಿದೆ. ಫೋಟೊದ ಬಣ್ಣಗಳ ಅರ್ಥ ಇಲ್ಲಿದೆ.

ಕೆಲಸ ಶುರು ಮಾಡೋ ಮುಂಚೆ ಕಂಪನಿಯ ಎಚ್ಚರಿಕೆ ಟಿಪ್ಪಣಿ ತೆಗೀತೀವಿ. ಬಹಳ ಕಂಪನಿಗಳು ಅದರಲ್ಲಿ "ಎಕ್ಸ್‌ಪೆಕ್ಟ್, ಆ್ಯಂಟಿಸಿಪೇಟ್, ಬಿಲೀವ್, ಮೇ, ವಿಲ್ ಇಂಥ ಪದಗಳಿಂದ ಮುನ್ನೋಟದ ಮಾತನ್ನು ಗುರುತಿಸಬಹುದು" ಅಂತ ಪಟ್ಟಿಯನ್ನೇ ಕೊಟ್ಟಿರ್ತವೆ. ಆ ಪಟ್ಟಿಯ ಪ್ರತಿ ಪದಕ್ಕೂ ಒಂದೊಂದು ಜಪಾನಿ ಪದ ಮೊದಲೇ ಗೊತ್ತುಮಾಡಿ, ಟಿಪ್ಪಣಿಯಲ್ಲೂ ಒಳಗಿನ ಮಾತಿನಲ್ಲೂ ಅವನ್ನೇ ಬಳಸ್ತೀವಿ. ಇಲ್ಲದಿದ್ದರೆ "ಈ ಪದಗಳನ್ನು ಗಮನಿಸಿ" ಅಂತ ಟಿಪ್ಪಣಿ ಹೇಳುತ್ತೆ, ಒಳಗೆ ಹುಡುಕಿದರೆ ಆ ಪದಗಳೇ ಇರಲ್ಲ.

"ಯೊಸೋ" ಅನ್ನೋ ಪದದ ಬಗ್ಗೆ ನಮ್ಮ ತಂಡದ್ದು ಒಂದು ವಿಶೇಷ ನಿಯಮ. ಅದರ ಅರ್ಥ ಅಂದಾಜು ಅಂತಲೇ. ಆದರೆ ಜಪಾನಿನ ಕಂಪನಿಗಳು ತಮ್ಮ ವರ್ಷದ ಅಂದಾಜನ್ನು "ಗ್ಯೋಸೆಕಿ ಯೊಸೋ" ಅಂತ ಅಧಿಕೃತವಾಗಿ ಪ್ರಕಟಿಸ್ತವೆ. ಆಮೇಲೆ ಹೊಸ ಲೆಕ್ಕದಲ್ಲಿ ಮಾರಾಟ ಶೇ. 10 ಅಥವಾ ಲಾಭ ಶೇ. 30ರಷ್ಟು ಬದಲಾದರೆ ತಕ್ಷಣ ತಿದ್ದಿ ಹೇಳಬೇಕು ಅನ್ನೋದು ಟೋಕಿಯೊ ಷೇರುಪೇಟೆಯ ನಿಯಮ. ಅಲ್ಲಿಯ ಓದುಗರಿಗೆ ಆ ಪದದ ಹಿಂದೆ ಈ ಕಟ್ಟುಪಾಡು ಕೇಳಿಸುತ್ತೆ. ಅಮೆರಿಕದ ಕಂಪನಿ ಕೊಡೋ ಗೈಡೆನ್ಸ್ ಅಲ್ಲಿಯ ನಿಯಮ ಬೇಡೋದಲ್ಲ, ಅವರಾಗಿ ಕೊಡೋದು. ಅದಕ್ಕೆ ಕಂಪನಿಯ ಮಾತಿಗೆ "ಮಿತೋಶಿ" ಅಂತೀವಿ, "ಯೊಸೋ"ವನ್ನು ಅನಲಿಸ್ಟುಗಳ ಅಂಕಿಗೆ ಮೀಸಲಿಡ್ತೀವಿ.

ಇನ್ನು ತಪಾಸಣೆ. ಇಂಗ್ಲಿಷ್ ಪ್ರತಿಯಲ್ಲಿ ಮುಂದಿನ ಮಾತಿಗೆಲ್ಲ ಹಳದಿ ಗೆರೆ, ಷರತ್ತಿಗೆ ಹಸಿರು. ಆಮೇಲೆ ಜಪಾನಿ ಪ್ರತಿ ತಗೊಂಡು ವಾಕ್ಯಗಳನ್ನು ಓದಲ್ಲ, ಬಾಲಗಳನ್ನಷ್ಟೇ ಓದ್ತಾ ಇಳೀತೀನಿ. ಅನುಮಾನ ಎಲ್ಲ ಅಲ್ಲೇ ಇರೋದರಿಂದ ಇದು ಬೇಗ ಆಗುತ್ತೆ. ಹಳದಿ ಗೆರೆಯ ಮಾತಿಗೆ "ಆಗುತ್ತೆ" ಅನ್ನೋ ಬೋಳು ಬಾಲ ಸಿಕ್ಕರೆ ಅಲ್ಲಿ ನಿಲ್ತೀನಿ. ಗೆರೆ ಇಲ್ಲದ ಮಾತಿಗೆ, ಅಂದರೆ ಮುಗಿದ ತ್ರೈಮಾಸಿಕದ ಅಂಕಿಗೆ, "ಅಂತ ಭಾವಿಸ್ತೀವಿ" ಅಂಟಿದ್ದರೆ ಅಲ್ಲೂ ನಿಲ್ತೀನಿ. ಅನುಮಾನ ಬಂದ ಸಾಲನ್ನು ಮನಸ್ಸಿನಲ್ಲೇ ಕನ್ನಡ ಮಾಡ್ತೀನಿ. ಬಾಲದ ಜಾಗ ಒಂದೇ ಆದ್ದರಿಂದ ಬಹುದು, ಬೇಕು, ಅಂತೆ, ಅಂತ ಅಂದ್ಕೊಂಡಿದ್ದೀವಿ, ಎಲ್ಲ ಥಟ್ ಅಂತ ಹೊರಗೆ ಬರುತ್ತೆ.

ಬಾಲ ಓದಿದರೂ ಸಿಕ್ಕಿಬೀಳದ್ದು ಒಂದಿದೆ: "ವಿಲ್". "ಮುಂದಿನ ತ್ರೈಮಾಸಿಕದಲ್ಲಿ ಬಿಡುಗಡೆ ಮಾಡ್ತೀವಿ" ಅನ್ನೋದರಲ್ಲಿ ಕನ್ನಡದ "ಮಾಡ್ತೀವಿ" ದಿನಾ ಮಾಡೋದಕ್ಕೂ ಮುಂದೆ ಮಾಡೋದಕ್ಕೂ ಒಂದೇ. ಜಪಾನಿ ಕ್ರಿಯಾಪದವೂ ಹಾಗೇ. ಅದು ಮುಂದಿನ ಮಾತು ಅಂತ ಹೇಳೋದು ಕಾಲಸೂಚಕ ಪದ ಮಾತ್ರ. ಹಾಗಾಗಿ "ಮುಂದಿನ ತ್ರೈಮಾಸಿಕ" ಅನ್ನೋದನ್ನ ವಾಕ್ಯ ಚಿಕ್ಕದು ಮಾಡೋಕೆ ಅಂತ ಯಾವತ್ತೂ ತೆಗೆಯಲ್ಲ.

8/8

ಪ್ರಶ್ನೋತ್ತರದ ಭಾಗ ಇದಕ್ಕಿಂತ ಕಷ್ಟ. ಅಲ್ಲಿ ಬರೆದಿಟ್ಟ ಮಾತಿಲ್ಲ. "ಲುಕ್", "ಯೂ ನೋ", "ಐ ಥಿಂಕ್", "ಸಾರ್ಟ್ ಆಫ್" ಎಲ್ಲ ಉದುರ್ತಾ ಇರುತ್ತೆ. "ಯೂ ನೋ" ತೆಗೆದರೆ ನಷ್ಟ ಇಲ್ಲ, ಅದು ಉಸಿರು ತಗೊಳ್ಳೋ ಜಾಗ. "ಐ ಥಿಂಕ್" ಹಾಗಲ್ಲ. ಕೆಲವರಿಗೆ ಅದು ಬರೀ ಬಾಯಿಚಟ, ಕೆಲವರಿಗೆ ಅದೇ ಅನುಮಾನ. ಗುರುತಿಸೋಕೆ ನಮಗೊಂದು ದಾರಿ ಇದೆ. ಅದೇ ವ್ಯಕ್ತಿ ಮುಗಿದ ಸಂಗತಿಗೂ "ಐ ಥಿಂಕ್" ಅಂತಾರಾ ನೋಡ್ತೀವಿ. ಎಲ್ಲದಕ್ಕೂ ಅಂತಿದ್ದರೆ ಚಟ. ಮುಂದಿನ ಅಂಕಿ ಬಂದಾಗ ಮಾತ್ರ ಅಂತಿದ್ದರೆ ಅದನ್ನು ಬಿಡೋ ಹಾಗಿಲ್ಲ. ನಿರ್ಧಾರ ಆಗದಿದ್ದರೆ ಉಳಿಸ್ತೀವಿ.

ಇಷ್ಟೆಲ್ಲ ಮಾಡಿದರೂ ಸಾಗಿಸೋಕೆ ಆಗದ್ದು ಇದ್ದೇ ಇದೆ. "ಮುಂದಿನ ವರ್ಷ ಹೇಗೆ?" ಅಂತ ಕೇಳಿದಾಗ ಸಿಎಫ್‌ಒ ಒಂದು ಕ್ಷಣ ಸುಮ್ಮನಾಗಿ ಆಮೇಲೆ "ವಿ ಫೀಲ್ ಗುಡ್" ಅಂತಾರೆ. ಆ ಒಂದು ಕ್ಷಣ ಇಂಗ್ಲಿಷ್ ಟ್ರಾನ್‌ಸ್ಕ್ರಿಪ್ಟಿನಲ್ಲೇ ಇಲ್ಲ, ಜಪಾನಿಯಲ್ಲಿ ಎಲ್ಲಿಂದ ಬರಬೇಕು? ಅನುವಾದದ ಕೆಳಗೆ "ವ್ಯತ್ಯಾಸ ಇದ್ದರೆ ಇಂಗ್ಲಿಷ್ ಮೂಲವೇ ಅಂತಿಮ" ಅಂತ ಒಂದು ಸಾಲು ಇರುತ್ತೆ. ಅದು ನಮ್ಮನ್ನೂ ಕಂಪನಿಯನ್ನೂ ಕಾಯುತ್ತೆ. ಇಂಗ್ಲಿಷ್ ಬಾರದ ಓದುಗನಿಗೆ ಅದರಿಂದ ಏನೂ ಉಪಯೋಗ ಇಲ್ಲ. ಅವನ ಪಾಲಿಗೆ ಕಾವಲು ಅಂದರೆ ಆ ವಾಕ್ಯದ ಬಾಲ ಒಂದೇ.

ನೀವೂ ಕೈಯಾಡಿಸಬೇಕು ಅಂದರೆ ದೂರ ಹೋಗೋದು ಬೇಡ. ನಮ್ಮ ಬೆಂಗಳೂರಿನ ಇನ್ಫೋಸಿಸ್ ಅಮೆರಿಕದ ಷೇರುಪೇಟೆಯಲ್ಲೂ ಇದೆ, 1999ರಿಂದ ನ್ಯಾಸ್ಡ್ಯಾಕ್‌ನಲ್ಲಿ, 2012ರ ಡಿಸೆಂಬರ್‌ನಿಂದ ನ್ಯೂಯಾರ್ಕ್ ಎಕ್ಸ್‌ಚೇಂಜಿನಲ್ಲಿ. ಅವರ ಅರ್ನಿಂಗ್ಸ್ ಕಾಲ್ ಟ್ರಾನ್‌ಸ್ಕ್ರಿಪ್ಟುಗಳು ಅವರ ವೆಬ್‌ಸೈಟಿನಲ್ಲೇ ಸಿಗ್ತವೆ. ಒಂದು ಪುಟ ತೆಗೆದು, ಮುಂದಿನ ಮಾತಿಗೆಲ್ಲ ಹಳದಿ ಗೆರೆ ಎಳೆದು, ಒಂದೇ ಒಂದು ವಾಕ್ಯ ಕನ್ನಡ ಮಾಡಿ ನೋಡಿ. ಆಮೇಲೆ ನಿಮ್ಮ ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ ಕೇಳಿ: "ಇವರು ಮಾಡ್ತೀವಿ ಅಂದರಾ, ಆಗಬಹುದು ಅಂದರಾ?" ಅವರ ಉತ್ತರ ನಿಮ್ಮ ಹಳದಿ ಗೆರೆ ಜೊತೆ ತಾಳೆ ಆಗ್ತಾ ಇಲ್ಲವಾ ನೋಡಿ, ಆ ವಾಕ್ಯ ಕಾಮೆಂಟಲ್ಲಿ ಹಾಕಿ. ಯಾವ ಬಾಲ ಕಳೆದುಹೋಗಿದೆ ಅಂತ ಸೇರಿ ಹುಡುಕೋಣ.

#ಅನುವಾದ #ಜಪಾನಿಭಾಷೆ #ಬಹುದುಬೇಕು